ಇಲ್ಲದ ಇಪ್ಪತ್ತು ಚೀಲ ಮೈಲುತುತ್ತು

ಶೆಟ್ರೇ, ಮೊದಲು ಒಳ್ಳೆ ಸುದ್ದಿ. ನಿಮ್ಮ ಗೋಡೌನಿನಿಂದ ಯಾರೂ ಏನೂ ಕದ್ದಿಲ್ಲ. ಆ ಬಡ ಗೋಡೌನ್ ಹುಡುಗನನ್ನು ವಾರವಿಡೀ ಓರೆಗಣ್ಣಿಂದ ನೋಡಿದ್ದು ಸಾಕು, ಇನ್ನು ನೆಟ್ಟಗೆ ನೋಡಬಹುದು. ಅಲ್ಲ ಮಾರಾಯ್ರೇ, 500 ಕೇಜಿ ಮೈಲುತುತ್ತು ಕದಿಯುವವ ಅದನ್ನು ಎಲ್ಲಿಡುತ್ತಾನೆ ಅಂತ ಒಂದು ಗಳಿಗೆ ಯೋಚನೆ ಮಾಡಿದ್ರಾ? ನೂರು ಲೀಟರ್ ಬೋರ್ಡೊ ದ್ರಾವಣಕ್ಕೆ ಒಂದು ಕೇಜಿ. ಅಂದ್ರೆ ಐವತ್ತು ಸಾವಿರ ಲೀಟರ್ ಔಷಧಿ ಆಯ್ತು. ಮೇಳಿಗೆಯಿಂದ ತೀರ್ಥಹಳ್ಳಿವರೆಗೆ ಅಡಿಕೆ ಕೊನೆಗಳೆಲ್ಲ ನೀಲಿಯಾಗಿ ನೇತಾಡಬೇಕಿತ್ತು. ಆ ಹುಡುಗನ ಅಂಗೈ ನೋಡಿ, ಮಾಮೂಲಿ ಬಣ್ಣವೇ ಇದೆ.

ಇನ್ನು ಕೆಟ್ಟ ಸುದ್ದಿ. ಆ 500 ಕೇಜಿ ನಿಮ್ಮ ಅಂಗಡಿಗೆ ಬಂದೇ ಇಲ್ಲ. ಬಂದಿದ್ದು ಇಪ್ಪತ್ತು ಚೀಲ, ಪುಸ್ತಕದಲ್ಲಿ ಕೂತದ್ದು ನಲವತ್ತು. ಶಿವಮೊಗ್ಗದ ನಿಮ್ಮ ಹೋಲ್‌ಸೇಲ್‌ನವರ ಒಂದೇ ಬಿಲ್ಲು ಎರಡು ಸಲ ಖರೀದಿಗೆ ಬಿದ್ದಿದೆ. ಅದನ್ನು ಸರಿ ಮಾಡಿದ್ದೇನೆ. ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅನ್ನುವುದನ್ನು ಬರೆದಿಡಿ ಅಂತ ನೀವೇ ಕೇಳಿದ್ದಿರಿ. ಕೇಳುವಾಗ ನಿಮ್ಮ ಮುಖದಲ್ಲಿ 'ಈ ಕಂಪ್ಯೂಟರ್ ಹುಡುಗನಿಗೆ ಒಂದು ಪಾಠ ಆಗ್ಲಿ' ಅನ್ನುವ ಕಳೆ ಇತ್ತು. ಸ್ವಲ್ಪ ತಡೀರಿ, ಪಾಠ ಯಾರಿಗೆ ಅಂತ ಓದ್ತಾ ಹೋದ ಹಾಗೆ ಗೊತ್ತಾಗ್ತದೆ.

ಮೇ 12ನೇ ತಾರೀಕು ಲೋಡು ಹೊರಡುವ ಮೊದಲೇ ಹೋಲ್‌ಸೇಲ್‌ನವರು ಬಿಲ್ಲಿನ ಫೋಟೊ ವಾಟ್ಸಾಪ್ ಮಾಡಿದ್ದರು. ನಿಮ್ಮ ಕಂಪ್ಯೂಟರ್ ಹುಡುಗ ಅದನ್ನು ಅವತ್ತೇ ಟ್ಯಾಲಿಗೆ ಹತ್ತಿಸಿದ. ಬಿಲ್ ನಂಬರ್ CS/25-26/0318, 25 ಕೇಜಿಯ ಇಪ್ಪತ್ತು ಚೀಲ, ಕೇಜಿಗೆ 240ರಂತೆ 1,20,000, ಅದಕ್ಕೆ ಶೇಕಡಾ 18ರ ಜಿಎಸ್‌ಟಿ 21,600, ಒಟ್ಟು 1,41,600 ರೂಪಾಯಿ. ಒಂದು ಚುಕ್ಕಿಯೂ ತಪ್ಪಿಲ್ಲ. ಲಾರಿ ಜೊತೆ ಬಂದ ಕಾಗದದ ಬಿಲ್ಲು ಮಾತ್ರ ನಿಮ್ಮ ಗಲ್ಲಾಪೆಟ್ಟಿಗೆಯ ಅಡಿ ಸೇರಿ ಅಲ್ಲೇ ನಿದ್ದೆ ಹೋಯ್ತು.

ಮೇ ತಿಂಗಳು ಮದುವೆ ಕಾಲ. ಹುಡುಗ ಅಕ್ಕನ ಮದುವೆ ಅಂತ ರಜೆ ಹೋದ. ಆಗ ಗಲ್ಲಾ ಗುಡಿಸಿ, ಆ ಕಾಗದ ಹಿಡಿದು, 'ಇವನ ಕೆಲಸ ನೋಡಿ, ಬಿಲ್ಲೇ ಹತ್ತಿಸಿಲ್ಲ' ಅಂತ ಗೊಣಗುತ್ತಾ ಕಂಪ್ಯೂಟರ್ ಮುಂದೆ ಕೂತವರು ಯಾರು ಶೆಟ್ರೇ? ಮೇ 21ರ ಎಂಟ್ರಿ ನೋಡಿದ್ದೇನೆ. ತಾರೀಕು ಬಿಲ್ಲಿನದ್ದಲ್ಲ, ನೀವು ಕೂತ ದಿನದ್ದು. Supplier Invoice No. ಅನ್ನುವ ಜಾಗದಲ್ಲಿ ಬರೀ 318. ಆ ಉದ್ದದ ನಂಬರ್ ಪೂರ್ತಿ ಹೊಡೆಯಲು ನಿಮಗೆ ಬೇಜಾರು. ಕಂಪ್ಯೂಟರಿಗೆ 318 ಬೇರೆ, CS/25-26/0318 ಬೇರೆ. ಅದಕ್ಕೆ ಕಣ್ಣಿದೆ, ಅಂದಾಜಿಲ್ಲ. ಅದು ಸುಮ್ಮನೆ ಒಪ್ಪಿಕೊಂಡಿತು. ಈ ಜೋಡಿ ಬಿಲ್ಲು ಎಲ್ಲ ಅಂಗಡಿಯಲ್ಲೂ ಹುಟ್ಟುವುದು ಹೆಚ್ಚಾಗಿ ಹೀಗೇ. ಫೋಟೊ ಒಂದು ಕೈಗೆ, ಕಾಗದ ಇನ್ನೊಂದು ಕೈಗೆ, ನಂಬರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುವುದು. ಒಂದೇ ಕೈಯಲ್ಲಿ ಎರಡು ಸಲ ಬೀಳುವುದು ಅಪರೂಪ.

'ಹಾಗಂತ ನೀನು ಹೇಗೆ ಹೇಳ್ತಿ, ಎರಡು ಸಲ ಲೋಡು ಬಂದಿರಬಹುದಲ್ಲ' ಅಂತ ಫೋನಿನಲ್ಲಿ ಜೋರು ಮಾಡಿದಿರಲ್ಲ, ಆ ಪ್ರಶ್ನೆ ಮಾತ್ರ ನ್ಯಾಯದ್ದೇ. ಮೊತ್ತ ಒಂದೇ ಅಂದ ಮಾತ್ರಕ್ಕೆ ಬಿಲ್ಲು ಒಂದೇ ಅಲ್ಲ. ಮಳೆ ಹಿಡಿಯುವ ಮುಂಚೆ ನೀವು ಪ್ರತಿ ವರ್ಷ ಎರಡು ಲೋಡು ತರಿಸುವವರೇ, ಅದೇ ಚೀಲ, ಅದೇ ದರ. ಮೊತ್ತ ನೋಡಿ ಕಣ್ಣುಮುಚ್ಚಿ ಒಂದನ್ನು ಹೊಡೆದು ಹಾಕಿದರೆ ನಿಜವಾದ ಖರೀದಿಯೇ ಹಾರಿಹೋಗುವ ಅಪಾಯ ಇದೆ. ಅದಕ್ಕೇ ಮೊದಲು ನಿಮ್ಮ ಬಿಲ್ಲಿನ ಫೋಟೊವನ್ನೂ ಕಾಗದವನ್ನೂ ಪಕ್ಕಪಕ್ಕ ಇಟ್ಟೆ. 50,000 ರೂಪಾಯಿ ಮೀರಿದ ಸರಕು ಹೊರಟರೆ ಇ-ವೇ ಬಿಲ್ ಬೇಕು, ಅದಕ್ಕೆ ಹನ್ನೆರಡು ಅಂಕೆಯ ನಂಬರ್. ಎರಡರಲ್ಲೂ ಅದೇ ಹನ್ನೆರಡು ಅಂಕೆ, ಅದೇ ಲಾರಿ ನಂಬರ್. ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಮೇ ತಿಂಗಳ ಜಿಎಸ್‌ಟಿಆರ್-2ಬಿ ತೆಗೆದೆ. ಅದು ನಿಮಗೆ ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳಿಂದ ತಾನಾಗಿ ತಯಾರಾಗುವ ಪಟ್ಟಿ. ನಿಮ್ಮ ಕೈ ಅದಕ್ಕೆ ತಾಗುವುದಿಲ್ಲ, ದೇವರ ದಯೆ. ಅಲ್ಲಿ 0318 ಒಂದೇ ಸಲ, ಮೇ 12ರ ತಾರೀಕಿನಲ್ಲಿ. ಜೂನ್ ಪಟ್ಟಿಯಲ್ಲೂ ಇನ್ನೊಂದು ಇಲ್ಲ. ಕೊನೆಗೆ ಹೋಲ್‌ಸೇಲ್‌ನವರಿಂದ ಖಾತೆಯ ನಕಲು ತರಿಸಿದೆ, ಅವರಲ್ಲೂ ಒಂದೇ. ಮೂರು ಕಡೆಯೂ ಒಂದೇ ಮಾತು ಬಂದ ಮೇಲೆಯೇ ನಾನು ಮೇ 21ರದ್ದು ಸುಳ್ಳು ಎಂಟ್ರಿ ಅಂದದ್ದು. ಮೇ 12ರದ್ದು ನಿಜವಾದದ್ದು, ಯಾಕೆಂದರೆ ನಂಬರು, ತಾರೀಕು ಎರಡೂ 2ಬಿಗೆ ತಾಳೆಯಾಗುವುದು ಅದೇ. ಹುಡುಗ ಹತ್ತಿಸಿದ್ದು, ನೆನಪಿರಲಿ.

ಈಗ ಆ ಸುಳ್ಳು ಎಂಟ್ರಿ ಎಲ್ಲೆಲ್ಲಿ ಕಾಲು ಚಾಚಿದೆ ನೋಡುವ.

ಮೊದಲನೆಯದು ಹೋಲ್‌ಸೇಲ್‌ನವರ ಖಾತೆ. ಜುಲೈ 14ಕ್ಕೆ ನೀವು 1,41,600 ಬ್ಯಾಂಕ್ ಮೂಲಕ ಕಟ್ಟಿದ್ರಿ, ಅವರ ಲೆಕ್ಕ ಚುಕ್ತಾ. ಆದರೆ ನಿಮ್ಮ ಪುಸ್ತಕದಲ್ಲಿ ಇನ್ನೂ 1,41,600 ಬಾಕಿ ಕೂತಿತ್ತು. ಆಗಸ್ಟ್‌ನಲ್ಲಿ ಅವರ ಮನುಷ್ಯ ಹೊಸ ಆರ್ಡರ್ ಕೇಳಲಿಕ್ಕೆ ಬಂದು, ಕಾಫಿ ಕುಡಿದು, ಹಣದ ಸುದ್ದಿ ಎತ್ತದೆ ಹೋದಾಗ ನೀವು ನನಗೆ ಫೋನ್ ಮಾಡಿ ಪಿಸುಗುಟ್ಟಿದ್ದು ನೆನಪಿದೆಯಾ? 'ಅವರು ಮರೆತಿದ್ದಾರೆ ಕಣಯ್ಯ, ನಾವಾಗಿ ಬಾಯಿ ಬಿಡೋದು ಬೇಡ.' ಬಸದಿ ಇರುವ ಊರಿನಲ್ಲಿ ಕೂತು ಹೇಳುವ ಮಾತೇ ಶೆಟ್ರೇ ಇದು? ಅನಂತನಾಥಸ್ವಾಮಿ ಕೇಳಿಸಿಕೊಂಡಿದ್ದರೆ! ಆದರೂ ಒಪ್ಪಿಕೊಳ್ಳಬೇಕು, ಆ ದುರಾಸೆಯಿಂದಲೇ ಈ ಬಿಲ್ಲು ಸಿಕ್ಕಿದ್ದು. ಒಂದೂವರೆ ಲಕ್ಷದ ಹತ್ತಿರದ ಹಣ ಮರೆಯುವ ವ್ಯಾಪಾರಿ ಶಿವಮೊಗ್ಗದಲ್ಲಿ ಹುಟ್ಟಿಲ್ಲ ಅನ್ನಿಸಿ ನಾನು ಖಾತೆ ತೆಗೆದೆ. ನೀವು ಪ್ರಾಮಾಣಿಕರಾಗಿದ್ದರೆ ಸುಮ್ಮನೆ ಇನ್ನೊಂದು ಸಲ ಕಟ್ಟಿಬಿಡುತ್ತಿದ್ದಿರಿ.

ಇಲ್ಲೊಂದು ಸಣ್ಣ ಗಂಟಿತ್ತು. ಟ್ಯಾಲಿಯಲ್ಲಿ ಹಣ ಕಟ್ಟಿದಾಗ ಯಾವ ಬಿಲ್ಲಿಗೆ ಅಂತ ಕೇಳ್ತದಲ್ಲ, ಆಗ ಪಟ್ಟಿಯಲ್ಲಿ ಎರಡು ಬಿಲ್ಲು ಕಂಡಿವೆ, ಸುಳ್ಳು 318ಕ್ಕೆ ಜಮಾ ಮಾಡಲಾಗಿದೆ. ಹಾಗಾಗಿ ಸುಳ್ಳು ಬಿಲ್ಲು ಚುಕ್ತಾ, ನಿಜವಾದ 0318 ಬಾಕಿ! ಸುಳ್ಳನ್ನು ಮಾತ್ರ ತೆಗೆದಿದ್ದರೆ ಖಾತೆಯ ಒಟ್ಟು ಸರಿಯಾಗಿ ಸೊನ್ನೆ ಬರುತ್ತಿತ್ತು, ಆದರೆ ಒಳಗೆ ಒಂದು ಬಿಲ್ಲು ಬಾಕಿ, ಅಷ್ಟೇ ಹಣ ಮುಂಗಡ ಅಂತ ಎರಡು ಗೆರೆ ಎದುರುಬದುರು ಕೂತಿರುತ್ತಿದ್ದವು. ಮಾಲು ಕೊಟ್ಟವರಿಗೆ ಬಿಲ್ಲಿನ ತಾರೀಕಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ತೆರಿಗೆ ಜಮೆಯನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಈ ಬಿಲ್ಲಿಗೆ ಅದು ನವೆಂಬರ್ 8. ದೀಪಾವಳಿ ಅಂಗಡಿ ಪೂಜೆ ಮುಗಿಸಿ ನೀವು ನೆಮ್ಮದಿಯಾಗಿರುವಾಗ ಬಾಕಿ ಪಟ್ಟಿ ನೋಡಿದ ಯಾರೋ ಪುಣ್ಯಾತ್ಮ ನಿಜವಾಗಿ ಕಟ್ಟಿದ ಬಿಲ್ಲಿನ ತೆರಿಗೆಯನ್ನೇ ವಾಪಸ್ ಮಾಡಿಬಿಡುತ್ತಿದ್ದ. ಅದಕ್ಕೆ ಜುಲೈ 14ರ ಪಾವತಿಯನ್ನು 318ರಿಂದ ಬಿಡಿಸಿ 0318ಕ್ಕೆ ಕಟ್ಟಿದ್ದೇನೆ.

ಎರಡನೆಯದು ಸರಕು. ನಿಮ್ಮ ಕಳ್ಳನ ಕತೆ ಹುಟ್ಟಿದ್ದು ಇಲ್ಲೇ. ಪುಸ್ತಕದ ಪ್ರಕಾರ 1,000 ಕೇಜಿ ಒಳಗೆ, 380 ಮಾರಾಟ, 620 ಇರಬೇಕು. ಗೋಡೌನಿನಲ್ಲಿ ಎಣಿಸಿದರೆ 120. ಕಮ್ಮಿ ಬಿದ್ದದ್ದು ನೋಡಿ ನಿಮ್ಮ ರಕ್ತ ಕುದಿಯಿತು ಸರಿ, ಆದರೆ ಎಷ್ಟು ಕಮ್ಮಿ ಬಿತ್ತು ಅಂತ ನೋಡಬೇಕಿತ್ತು. ಸರಿಯಾಗಿ 500. ಕಳ್ಳತನವಾಗಲಿ, ಒದ್ದೆಯಾಗಿ ಹಾಳಾದದ್ದಾಗಲಿ, ಚಿಲ್ಲರೆ ಮಾರುವಾಗ ತೂಕದಲ್ಲಿ ಹೋದದ್ದಾಗಲಿ, ಹೀಗೆ ಗುಂಡಗೆ ಒಂದು ಬಿಲ್ಲಿನಷ್ಟೇ ಬರುವುದಿಲ್ಲ. ಅದು 37 ಅಂತಲೋ 41 ಅಂತಲೋ ಅಡ್ಡಾದಿಡ್ಡಿ ಬರ್ತದೆ. ಕೊರತೆ ಒಂದು ಬಿಲ್ಲಿಗೆ ಸರಿಸಮ ಬಂದರೆ ಮೊದಲು ಪುಸ್ತಕವನ್ನೇ ಅನುಮಾನಿಸಬೇಕು, ಆಮೇಲೆ ಹುಡುಗನನ್ನು.

ಮೂರನೆಯದು ಲಾಭ, ಅದರಲ್ಲಿ ತಮಾಷೆ ಇದೆ. ಮಾರ್ಚ್ 31ರ ಉಳಿಕೆ ಸರಕನ್ನು ಕಂಪ್ಯೂಟರ್ ತೋರಿಸಿದ ಹಾಗೆ ಬರೆದುಕೊಂಡರೆ ಈ ತಪ್ಪು ಲಾಭದಲ್ಲಿ ಕಾಣುವುದೇ ಇಲ್ಲ. ಖರೀದಿ 1,20,000 ಜಾಸ್ತಿ, ಉಳಿಕೆಯೂ 1,20,000 ಜಾಸ್ತಿ, ಎರಡೂ ಒಂದನ್ನೊಂದು ನುಂಗಿ ತೇಗಿ ಕೂರ್ತವೆ. ಇಲ್ಲದ ಸರಕು ಆಸ್ತಿಯಾಗಿ, ಇಲ್ಲದ ಬಾಕಿ ಸಾಲವಾಗಿ ಅಡಾವೆ ಪತ್ರಿಕೆಯಲ್ಲಿ ದಪ್ಪವಾಗಿ ಮಲಗಿರ್ತವೆ, ಬ್ಯಾಂಕಿನವರು ಅದನ್ನೇ ನೋಡಿ ನಿಮಗೆ ಓಡಿ ಕೊಡ್ತಾರೆ. ಆದರೆ ನೀವು ನಿಮ್ಮ ತಂದೆಯವರ ಕಾಲದ ಹಾಗೆ ಚೀಲ ಎಣಿಸಿ ಉಳಿಕೆ ಬರೆಯುವವರು. ಆಗ ಉಳಿಕೆ ನಿಜ, ಖರೀದಿ ಸುಳ್ಳು, ಲಾಭ 1,20,000 ಕಮ್ಮಿ. ಅಂದ್ರೆ ಆದಾಯ ತೆರಿಗೆಯನ್ನೂ ಕಮ್ಮಿ ಕಟ್ಟಿದ ಹಾಗೆ. ನಿಮಗೆ ಆಗ ಗೊತ್ತಾಗುತ್ತಿತ್ತೋ ಇಲ್ಲವೋ, 'ಈ ವರ್ಷ ವ್ಯಾಪಾರ ಇಲ್ಲಪ್ಪ, ಕೊಳೆರೋಗ ಕಮ್ಮಿ' ಅಂತ ಊರಿಗೆಲ್ಲ ಹೇಳುತ್ತಿದ್ದಿರಿ. ತೋಟದವರು ನಿಮ್ಮನ್ನು ಕಂಡು ಇವನಿಗೆ ನಮ್ಮ ಅಡಿಕೆ ಉದುರಿದರೇ ಖುಷಿ ಅಂತ ಬೈದುಕೊಳ್ಳುತ್ತಿದ್ದರು.

ನಾಲ್ಕನೆಯದು ತೆರಿಗೆ. ಇಲ್ಲಿ ಮಾತ್ರ ನಗುವುದನ್ನು ಸ್ವಲ್ಪ ಬದಿಗಿಡುವ. ಮೇ ತಿಂಗಳ ರಿಟರ್ನ್ ಜೂನ್ 20ಕ್ಕೆ ಹೋಯಿತಲ್ಲ, ಅದನ್ನು ನಿಮ್ಮ ಪುಸ್ತಕದಿಂದಲೇ ತುಂಬಿಸಲಾಗಿತ್ತು, 2ಬಿಗೆ ತಾಳೆ ನೋಡದೆ. ಈ ಬಿಲ್ಲಿಗೆ 21,600 ಜಮೆ ಪಡೆಯಬೇಕಾದಲ್ಲಿ 43,200 ಪಡೆಯಲಾಗಿದೆ. 2022ರ ಜನವರಿಯಿಂದ 2ಬಿಯಲ್ಲಿ ಬರದ ಬಿಲ್ಲಿಗೆ ಜಮೆಯೇ ಇಲ್ಲ. ಹಾಗಾಗಿ ಹೆಚ್ಚಿನ 21,600 ನಿಮ್ಮದಲ್ಲ, ವಾಪಸ್ ಮಾಡಲೇಬೇಕು.

ಬಡ್ಡಿ ಎಷ್ಟು ಅಂತ ತಾನೇ ನಿಮ್ಮ ಎದೆ ಹೊಡೆದುಕೊಳ್ತಿರುವುದು? ವರ್ಷಕ್ಕೆ ಶೇಕಡಾ 18. ಆದರೆ ತಪ್ಪಾಗಿ ಪಡೆದ ದಿನದಿಂದ ಅಲ್ಲ, ಪಡೆದದ್ದನ್ನು ಬಳಸಿದ ದಿನದಿಂದ, ಬಳಸಿದಷ್ಟಕ್ಕೆ ಮಾತ್ರ. ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಜಮೆ ಖಾತೆಯ ಶಿಲ್ಕು ಈ ತಪ್ಪು ಮೊತ್ತಕ್ಕಿಂತ ಕೆಳಗೆ ಇಳಿದರೆ, ಎಷ್ಟು ಇಳಿಯಿತೋ ಅಷ್ಟು ಬಳಸಿದಂತೆ ಅನ್ನುತ್ತದೆ ನಿಯಮ. ಮೇ ರಿಟರ್ನ್ ಆದ ಮೇಲೆ ನಿಮ್ಮ ಶಿಲ್ಕು 34,000 ಇತ್ತು. 21,600ಕ್ಕಿಂತ ಮೇಲೆಯೇ, ಹಾಗಾಗಿ ಆ ತಿಂಗಳಿಗೆ ಬಡ್ಡಿ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು, ಔಷಧಿ ಹೋಯಿತು, ಮಾರಾಟದ ತೆರಿಗೆಗೆ ಜಮೆ ಖರ್ಚಾಗಿ ಜುಲೈ 20ರ ರಿಟರ್ನ್ ನಂತರ ಶಿಲ್ಕು 9,000ಕ್ಕೆ ಬಂತು. 21,600ರಲ್ಲಿ 9,000 ಕಳೆದರೆ 12,600. ಇನ್ನೊಂದು ರೀತಿಯಲ್ಲಿ ನೋಡಿ: ಸುಳ್ಳು ಜಮೆ ಇಲ್ಲದಿದ್ದರೆ ಆ ತಿಂಗಳು ನೀವು 12,600 ರೂಪಾಯಿ ಕೈಯಿಂದ ಕಟ್ಟಬೇಕಿತ್ತು, ಸರ್ಕಾರದ ದುಡ್ಡಿನಲ್ಲಿ ಒಂದು ತಿಂಗಳು ಕಳೆದಿರಿ. ಜುಲೈ 20ರಿಂದ ಆಗಸ್ಟ್ 20ರವರೆಗೆ 31 ದಿನ, ಬಡ್ಡಿ ಸುಮಾರು 193 ರೂಪಾಯಿ. ಅಷ್ಟೇ! ಇದಕ್ಕೆ ನೀವು ರಾತ್ರಿ ನಿದ್ದೆ ಬಿಟ್ಟಿರಂತೆ, ಅಮ್ಮನವರು ಹೇಳಿದರು. ಆದರೆ ಈ 193 ಮಾತ್ರ ನಗದು ಖಾತೆಯಿಂದಲೇ ಹೋಗಬೇಕು, ಜಮೆಯಿಂದ ಕಟ್ಟಲಿಕ್ಕೆ ಬರುವುದಿಲ್ಲ.

ಈಗ ಸರಿಪಡಿಸಿದ್ದು ಹೇಗೆ ಅಂತ. ನಿಮ್ಮ ಸಲಹೆ ಸರಳವಾಗಿತ್ತು: 'ಅಳಿಸಿಬಿಡು, ಯಾರಿಗೆ ಗೊತ್ತಾಗ್ತದೆ.' ಕಂಪನಿಗಳಾದರೆ 2023ರ ಏಪ್ರಿಲ್‌ನಿಂದ ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ ಉಳಿಸುವ ಸಾಫ್ಟ್‌ವೇರೇ ಇರಬೇಕು. ನಿಮ್ಮದು ಸ್ವಂತ ಅಂಗಡಿ, ಆ ನಿಯಮ ನಿಮಗೆ ತಾಗುವುದಿಲ್ಲ, ಅಳಿಸಿದರೆ ಕಾನೂನು ಬಂದು ಬಾಗಿಲು ತಟ್ಟುವುದಿಲ್ಲ. ರಿಟರ್ನ್ ಸಲ್ಲಿಸುವ ಮೊದಲೇ, ಮೇ ತಿಂಗಳಲ್ಲೇ ಸಿಕ್ಕಿದ್ದರೆ ನಾನೂ ಅಳಿಸಿ ಕೈ ತೊಳೆಯುತ್ತಿದ್ದೆ. ಆದರೆ ಮೇ ರಿಟರ್ನ್ ಹೋಗಿ ಆಗಿದೆ. ಈಗ ಮೇ ಪುಸ್ತಕದಿಂದ ಎಂಟ್ರಿ ತೆಗೆದರೆ ಪುಸ್ತಕದಲ್ಲಿ ಒಂದು ಅಂಕಿ, ಸಲ್ಲಿಸಿದ ರಿಟರ್ನ್‌ನಲ್ಲಿ ಇನ್ನೊಂದು. ಆಮೇಲೆ ಆಗಸ್ಟ್‌ನಲ್ಲಿ 21,600 ಯಾಕೆ ವಾಪಸ್ ಮಾಡಿದಿರಿ ಅಂದರೆ ತೋರಿಸಲಿಕ್ಕೆ ಪುಸ್ತಕದಲ್ಲಿ ಏನೂ ಇರುವುದಿಲ್ಲ. ನಿಮ್ಮ ತಂದೆಯವರ ಕಿರ್ದಿ ಪುಸ್ತಕ ಅಟ್ಟದ ಮೇಲಿದೆಯಲ್ಲ, ತೆಗೆದು ನೋಡಿ. ತಪ್ಪಿದಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕಿರುತ್ತಾರೆ, ಹಾಳೆ ಹರಿಯುವುದಿಲ್ಲ.

ಹಾಗಾಗಿ ಮೇ 21ರದ್ದು ಇದ್ದಲ್ಲೇ ಇರಲಿ ಅಂತ ಬಿಟ್ಟು, F7 ಒತ್ತಿ ಆಗಸ್ಟ್‌ನಲ್ಲಿ ತಿರುವು ಜರ್ನಲ್ ಹಾಕಿದ್ದೇನೆ. ಹೋಲ್‌ಸೇಲ್‌ನವರ ಖಾತೆಗೆ 1,41,600 ಖರ್ಚು, ಅಂದರೆ ಇಲ್ಲದ ಬಾಕಿ ಹೋಯಿತು. ಎದುರಿಗೆ ಖರೀದಿ ಖಾತೆಗೆ 1,20,000 ಜಮೆ, ಸಿಜಿಎಸ್‌ಟಿ ಜಮೆ ಖಾತೆಗೆ 10,800, ಎಸ್‌ಜಿಎಸ್‌ಟಿಗೆ 10,800. ಕೆಳಗೆ ವಿವರಣೆಯಲ್ಲಿ ಬಿಲ್ಲಿನ ಪೂರ್ತಿ ನಂಬರ್, ಎರಡೂ ತಾರೀಕು, ಇ-ವೇ ಬಿಲ್ ನಂಬರ್ ಬರೆದಿದ್ದೇನೆ. ಯಾರು ಎರಡನೇ ಸಲ ಹತ್ತಿಸಿದರು ಅಂತ ಬರೆದಿಲ್ಲ, ಅಷ್ಟು ಮರ್ಯಾದೆ ಉಳಿಸಿದ್ದೇನೆ.

ಇದನ್ನು ಮಾಲು ವಾಪಸ್ ಅಂತ ಡೆಬಿಟ್ ನೋಟ್‌ನಲ್ಲಿ ಹಾಕಿದರೂ ಮೊತ್ತ ಸರಿಹೋಗುತ್ತಿತ್ತು, ಹಲವರು ಹಾಗೇ ಮಾಡ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಮಾಲು ವಾಪಸ್ ಹೋಗಿಲ್ಲವಲ್ಲ, ಬಂದದ್ದೇ ಇಲ್ಲ. ಮುಂದೆ ಯಾರಾದರೂ ಹೋಲ್‌ಸೇಲ್‌ನವರ ಕ್ರೆಡಿಟ್ ನೋಟ್ ಎಲ್ಲಿ, ವಾಪಸ್ ಹೋದ ಲಾರಿಯ ಇ-ವೇ ಬಿಲ್ ಎಲ್ಲಿ ಅಂತ ಕೇಳಿದರೆ ನೀವು ಬಸದಿ ಕಡೆ ಮುಖ ಮಾಡಿ ಕೈ ಮುಗಿಯಬೇಕಾಗ್ತದೆ.

ಜರ್ನಲ್ ಹಣವನ್ನು ಮಾತ್ರ ಸರಿ ಮಾಡ್ತದೆ, ಚೀಲವನ್ನು ಮುಟ್ಟುವುದಿಲ್ಲ. ತಿದ್ದುಪಡಿ ಮಾಡುವವರು ಎಡವುವುದು ಇಲ್ಲೇ. ಖಾತೆ ಸೊನ್ನೆ ಬಂತು ಅಂತ ಎದ್ದು ಹೋಗ್ತಾರೆ, ಗೋಡೌನ್ ಪಟ್ಟಿಯಲ್ಲಿ 500 ಕೇಜಿ ಭೂತ ಹಾಗೇ ಉಳೀತದೆ, ಮುಂದಿನ ವರ್ಷ ಇನ್ನೊಬ್ಬ ಹುಡುಗ ಕಳ್ಳನಾಗ್ತಾನೆ. ಅದಕ್ಕೆ Alt+F7 ಒತ್ತಿ ಸ್ಟಾಕ್ ಜರ್ನಲ್‌ನಲ್ಲಿ 500 ಕೇಜಿ ಹೊರಗೆ ಹಾಕಿದೆ. ಈಗ ಪುಸ್ತಕದಲ್ಲೂ 120, ಗೋಡೌನಿನಲ್ಲೂ 120.

ರಿಟರ್ನ್‌ನಲ್ಲಿ ಜುಲೈ ತಿಂಗಳ 3ಬಿಯ 4(ಬಿ)(2) ಅನ್ನುವ ಸಾಲಿನಲ್ಲಿ 10,800, 10,800 ವಾಪಸ್ ತೋರಿಸ್ತೇನೆ. ಕಣ್ತಪ್ಪಿನಿಂದ ಹಿಂದಿನ ತಿಂಗಳು ಹೆಚ್ಚು ಪಡೆದದ್ದನ್ನು ಅಲ್ಲಿ ತೋರಿಸಬಹುದು ಅಂತ 2022ರ ಜುಲೈ ಸುತ್ತೋಲೆಯಲ್ಲೇ ಹೇಳಿದ್ದಾರೆ. ಆದರೆ ಶೆಟ್ರೇ, ನಿಮ್ಮನ್ನು ಬಲ್ಲವನಾದ್ದರಿಂದ ಈಗಲೇ ಎಚ್ಚರಿಸ್ತೇನೆ. ಆ ಸಾಲು ಮಾಮೂಲಾಗಿ ಮುಂದೆ ಮರಳಿ ಪಡೆಯಬಹುದಾದ ಜಮೆಗೆ ಇರುವಂಥದ್ದು. ಅಲ್ಲಿ ಹಾಕಿದ ಮೊತ್ತ ಪೋರ್ಟಲ್‌ನ ಇನ್ನೊಂದು ಪಟ್ಟಿಯಲ್ಲಿ 'ಮತ್ತೆ ಪಡೆಯಲು ಬಾಕಿ' ಅನ್ನುವ ಹಾಗೆ ಕಾಣ್ತಾ ಇರ್ತದೆ. ಇನ್ನಾರು ತಿಂಗಳಿಗೆ ನೀವೋ ನಿಮ್ಮ ಮಗನೋ ಅದನ್ನು ನೋಡಿ 'ಏ, 21,600 ಅಲ್ಲೇ ಬಿಟ್ಟಿದ್ದಾನೆ ನೋಡು ಇವನು' ಅಂತ ಮತ್ತೆ ಎಳೆದುಕೊಳ್ಳಬೇಡಿ. ಅದು ನಿಮ್ಮದಲ್ಲ. ಈ ಚೀಟಿಯ ಒಂದು ಪ್ರತಿಯನ್ನು ರಿಟರ್ನ್ ಫೈಲಿಗೇ ಪಿನ್ ಮಾಡಿದ್ದೇನೆ, ಈ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು.

ಮುಂದಕ್ಕೆ ಎರಡೇ ಮಾತು. ಬಿಲ್ ನಂಬರನ್ನು ಕಾಗದದಲ್ಲಿ ಹೇಗಿದೆಯೋ ಹಾಗೇ, ಓರೆಗೆರೆ ಸೊನ್ನೆ ಸಮೇತ ಹೊಡೆಯುವುದು. ಮತ್ತೆ ಪ್ರತಿ ತಿಂಗಳು 2ಬಿ ಬಂದ ಮೇಲೆ, ಅಂದರೆ 14ನೇ ತಾರೀಕು ಕಳೆದ ಮೇಲೆ, ಖರೀದಿ ಪಟ್ಟಿಯನ್ನು ಅದರ ಪಕ್ಕ ಇಟ್ಟು ತಾಳೆ ನೋಡಿಯೇ ರಿಟರ್ನ್‌ಗೆ ಕೈ ಹಾಕುವುದು. ಹುಡುಗನಿಗೆ ಹೇಳಿದ್ದೇನೆ, ಅವನು ಮಾಡ್ತಾನೆ. ಎಂಟ್ರಿ ಹಾಕಿದ ಕಾಗದದ ಮೇಲೆ ಒಂದು ಟಿಕ್ ಹಾಕಿ ತಾರೀಕು ಬರೆಯಿರಿ ಅಂತ ನಿಮಗೆ ಹೇಳೋಣ ಅಂದುಕೊಂಡೆ, ಬೇಡ. ನೀವು ಕಂಪ್ಯೂಟರ್ ಮುಂದೆ ಕೂರದಿದ್ದರೇ ಸಾಕು.

ಜುಲೈ ರಿಟರ್ನ್‌ಗೆ 20ನೇ ತಾರೀಕು ಕೊನೆ. ಅಷ್ಟರೊಳಗೆ ನಗದು ಖಾತೆಗೆ 193 ರೂಪಾಯಿ ಹಾಕಿಸಿ, ನಿಮ್ಮ ಮೊಬೈಲಿಗೆ ಬರುವ ಓಟಿಪಿಯನ್ನು ಹುಡುಗನಿಗೆ ಹೇಳಿ. ಹಾಗೇ ಗೋಡೌನ್ ಹುಡುಗನ ಹಿಡಿದಿಟ್ಟ ವಾರದ ಸಂಬಳ ಇವತ್ತೇ ಕೊಟ್ಟುಬಿಡಿ.